ಪರಿಮಳ ಅಳಿಸಿ, ತೇವಾಂಶ ಬರೆಯಿರಿ

ಚಿಕ್ಕಮಗಳೂರು ಕಡೆಯ ಸಣ್ಣ ಬೆಳೆಗಾರರ ಸಹಕಾರ ಸಂಘವೊಂದು ತನ್ನ ಅರೇಬಿಕಾ ಕಾಫಿಯನ್ನು ಹೊರದೇಶಕ್ಕೆ ಕಳಿಸಲು ಹೊರಟಿದೆ ಎಂದಿಟ್ಟುಕೊಳ್ಳಿ. ಲೇಬಲ್ಲಿನ ಕರಡು ಹೀಗಿದೆ: ‘ಬಾಬಾಬುಡನ್‌ಗಿರಿಯ ಪುಣ್ಯಭೂಮಿಯಲ್ಲಿ ಪೂರ್ವಜರ ಪದ್ಧತಿಯಂತೆ ಬೆಳೆದ, ಪರಿಮಳ ತುಂಬಿದ ಎ ದರ್ಜೆಯ ಸಾವಯವ ಕಾಫಿ.’ ಓದಲು ಚೆಂದ. ಆದರೆ ಕಾಫಿ ಕೊಳ್ಳುವವನಿಗೆ ಇದರಲ್ಲಿ ಕೈಗೆ ಸಿಗುವಂಥದ್ದು ಏನೂ ಇಲ್ಲ.

ಮೊದಲ ತೊಡಕು ಊರಿನ ಹೆಸರು. ಬಾಬಾಬುಡನ್‌ಗಿರಿ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ ಎರಡಕ್ಕೂ 2019ರಲ್ಲಿ ಬೇರೆ ಬೇರೆಯಾಗಿಯೇ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಸದಸ್ಯರ ತೋಟಗಳು ಗಿರಿಯ ಗಡಿಯಾಚೆ ಇದ್ದರೆ ಆ ಹೆಸರು ಹಾಕುವಂತಿಲ್ಲ. ಹಾಗಾಗಿ ಸಂಪಾದಕ ಪೆನ್ನು ಹಿಡಿಯುವ ಮೊದಲು ಸದಸ್ಯರ ಪಟ್ಟಿ ಕೇಳಬೇಕು: ಯಾವ ಹಳ್ಳಿ, ಎಷ್ಟು ಎತ್ತರ, ಯಾವ ತಳಿ. ಬಾಬಾ ಬುಡನ್ ಏಳು ಬೀಜ ತಂದ ಕಥೆಯನ್ನು ನಾನಾದರೆ ಕೈಬಿಡುತ್ತೇನೆ. ಅದು ಎಲ್ಲರ ಪೊಟ್ಟಣದಲ್ಲೂ ಇದೆ.

‘ಪೂರ್ವಜರ ಪದ್ಧತಿ’ ಎಂಬಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿದರೆ ಅದು ಚೆರ್ರಿ. ಕುಯ್ದ ದಿನವೇ ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ, ಲೋಳೆ ಹೋಗಿಸಿ ತೊಳೆದು, ಒಣಗಿಸಿದರೆ ಅದು ಪಾರ್ಚ್‌ಮೆಂಟ್. ಎರಡರ ರುಚಿಯೂ ಬೇರೆ, ಬೆಲೆಯೂ ಬೇರೆ. ಸಂಘಕ್ಕೆ ಕೆಲವರು ಪಾರ್ಚ್‌ಮೆಂಟ್, ಕೆಲವರು ಚೆರ್ರಿ ತಂದು ಹಾಕಿದ್ದರೆ ಒಂದೇ ಲೇಬಲ್ ಎರಡಕ್ಕೂ ಸಲ್ಲದು. ಇದು ಭಾಷೆಯನ್ನು ತಿದ್ದಿ ಸರಿಮಾಡುವ ದೋಷವಲ್ಲ. ಗೋದಾಮಿನಲ್ಲೇ ಲಾಟುಗಳನ್ನು ಬೇರೆ ಇಡಬೇಕು.

‘ಎ ದರ್ಜೆ’ ಎಂದರೆ ಉತ್ತಮ ರುಚಿ ಎಂದು ಸಂಘದವರು ತಿಳಿದಿರುತ್ತಾರೆ. ಪ್ಲಾಂಟೇಶನ್ ಎ ಎನ್ನುವುದು ತೊಳೆದು ಸಂಸ್ಕರಿಸಿದ ಅರೇಬಿಕಾದಲ್ಲಿ 6.65 ಮಿ.ಮೀ. ಜರಡಿಯ ಮೇಲೆ ನಿಲ್ಲುವ ದಪ್ಪ ಕಾಳಿನ ದರ್ಜೆ. ದಪ್ಪ ಕಾಳು ಸಪ್ಪೆಯಾಗಿಯೂ ಇರಬಹುದು. ರುಚಿಯ ಮಾತಿಗೆ ಕಪ್ ಪರೀಕ್ಷೆಯ ಅಂಕ ಬೇಕು, ಅದೂ ಇದೇ ಲಾಟಿನದು. ಹೋದ ವರ್ಷದ ಅಂಕವನ್ನು ಈ ವರ್ಷದ ಚೀಲಕ್ಕೆ ಅಂಟಿಸಿದರೆ, ಮಾದರಿ ತರಿಸಿ ಕುಡಿದು ನೋಡಿದವನಿಗೆ ತಿಳಿದೇ ತಿಳಿಯುತ್ತದೆ. ‘ಸಾವಯವ’ಕ್ಕೆ ಪ್ರಮಾಣಪತ್ರ ಇಲ್ಲದಿದ್ದರೆ ಆ ಪದ ಹೋಗಲಿ, ‘ಮರದ ನೆರಳಲ್ಲಿ ಬೆಳೆದದ್ದು’ ಎಂದರೆ ಸಾಕು, ಅದು ನಿಜವಾಗಿದ್ದರೆ.

ತಿದ್ದಿದ ಮೇಲೆ ಉಳಿಯುವುದು ಇಷ್ಟು: ‘ಚಿಕ್ಕಮಗಳೂರು ಜಿಲ್ಲೆಯ ಸಣ್ಣ ತೋಟಗಳ ಅರೇಬಿಕಾ, ಸೆಲೆಕ್ಷನ್ 795 ತಳಿ. ಹಣ್ಣಾದದ್ದನ್ನಷ್ಟೇ ಕೈಯಿಂದ ಕುಯ್ದು, ಅಂದೇ ಪಲ್ಪ್ ಮಾಡಿ, ತೊಳೆದು, ತೇವಾಂಶ ಶೇ. 10ಕ್ಕೆ ಇಳಿಯುವವರೆಗೆ ಕಣದಲ್ಲಿ ಒಣಗಿಸಿದ್ದು. ಪ್ಲಾಂಟೇಶನ್ ಎ.’ ಕೆಳಗೆ ತೋಟಗಳ ಎತ್ತರ, ಕುಯ್ಲಿನ ಹಂಗಾಮು, ಕಪ್ ಅಂಕ, ಲಾಟ್ ಸಂಖ್ಯೆ.

ಅಚ್ಚಿಗೆ ಕಳಿಸುವ ಮುನ್ನ ಆ ಲಾಟ್ ಸಂಖ್ಯೆ ಚೀಲದ ಮೇಲೆ, ಸಂಘದ ಖರೀದಿ ಪುಸ್ತಕದಲ್ಲಿ, ಕ್ಯೂರಿಂಗ್ ವರ್ಕ್ಸ್‌ನ ರಸೀದಿಯಲ್ಲಿ ಒಂದೇ ಆಗಿದೆಯೇ ಎಂದು ನೋಡಿಕೊಳ್ಳಿ.