ಓಮ್ ಮೀಟರ್ ಅಂದರೆ ಅಳತೆಯೋ, ಉಪಕರಣವೋ?

V = 6 V. ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠ ಓದಿದವರೆಲ್ಲ ಈ ಬಗೆಯ ಸಾಲನ್ನು ನೋಡಿರುತ್ತಾರೆ. ಎಡಗಡೆಯ V ವಿಭವಾಂತರಕ್ಕೆ ಇಟ್ಟ ಅಕ್ಷರ, ಬಲಗಡೆಯದು ವೋಲ್ಟ್ ಎಂಬ ಏಕಮಾನದ ಸಂಕೇತ. ಅಚ್ಚಿನಲ್ಲಿ ಇವೆರಡನ್ನು ಬೇರೆ ಮಾಡಿ ತೋರಿಸುವ ಪದ್ಧತಿ ಹಿಂದಿನಿಂದಲೂ ಇದೆ: ಅಳೆಯುವ ಪರಿಮಾಣದ ಅಕ್ಷರ ಓರೆಯಾಗಿರಬೇಕು, ಏಕಮಾನದ್ದು ನೆಟ್ಟಗಿರಬೇಕು. ಇಂಗ್ಲಿಷ್ ಪುಸ್ತಕದಲ್ಲಿ ಈ ವ್ಯತ್ಯಾಸ ಇರುತ್ತದೆ. ಅದೇ ಪುಟ ಕನ್ನಡಕ್ಕೆ ಬಂದಾಗ ಎರಡೂ ನೆಟ್ಟಗೆ ನಿಂತಿರುವುದೇ ಹೆಚ್ಚು. ಕನ್ನಡ ಅಕ್ಷರವನ್ನು ಓರೆ ಮಾಡುವ ರೂಢಿ ನಮ್ಮಲ್ಲಿಲ್ಲ. ಪುಟ ಕಟ್ಟುವವರು ಇಡೀ ಪ್ಯಾರಾ ಆಯ್ದು ಒಂದೇ ಫಾಂಟ್ ಕೊಟ್ಟುಬಿಡುತ್ತಾರೆ. ಅನುವಾದ ಎಷ್ಟೇ ಚೆನ್ನಾಗಿದ್ದರೂ ಮಗುವಿಗೆ ಕಾಣುವುದು V ಎಂಬುದು ಆರು V ಗಳಿಗೆ ಸಮ ಎಂಬ ವಿಚಿತ್ರ ಲೆಕ್ಕ.

ಎನ್‌ಸಿಇಆರ್‌ಟಿ ಪುಸ್ತಕದ ಈ ಪಾಠವನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ವಿಜ್ಞಾನದ ಒಂದು ಅಧ್ಯಾಯ ಕನ್ನಡವಾಗುವಾಗ ಏನೇನು ತೀರ್ಮಾನವಾಗಬೇಕು ಎಂದು ನೋಡಬಹುದು. ವಾಕ್ಯಗಳನ್ನು ಕನ್ನಡಿಸುವುದು ಅಂಥ ಕಷ್ಟವಲ್ಲ. ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ಜೊತೆಗಾರರು ‘ವಿಜ್ಞಾನ’ ಮಾಸಪತ್ರಿಕೆ ಹೊರಡಿಸಿದ್ದು 1918ರಲ್ಲಿ. ಅಲ್ಲಿಂದೀಚೆಗೆ ಕನ್ನಡದ ವಿಜ್ಞಾನ ಗದ್ಯಕ್ಕೆ ಸಾಕಷ್ಟು ಪಳಗುವಿಕೆ ಬಂದಿದೆ. ತೊಂದರೆ ಇರುವುದು ಕನ್ನಡ ವಾಕ್ಯಕ್ಕೆ ರೋಮನ್ ಸಂಕೇತ ತಾಗುವ ಜಾಗದಲ್ಲಿ.

ಮೊದಲು ಪದಗಳು. ಮನೆಯಲ್ಲಿ ‘ಕರೆಂಟ್’ ಒಂದೇ ಮಾತು ಎಲ್ಲಕ್ಕೂ ಆಗುತ್ತದೆ. ಕರೆಂಟ್ ಹೋಗುತ್ತದೆ, ಕರೆಂಟ್ ಹೊಡೆಯುತ್ತದೆ, ಕರೆಂಟ್ ಬಿಲ್ ಬರುತ್ತದೆ. ಪಾಠದಲ್ಲಿ ಇದು ಸಾಲದು. ತಂತಿಯಲ್ಲಿ ಹರಿಯುವುದು ವಿದ್ಯುತ್ ಪ್ರವಾಹ, ಹರಿಯುವಂತೆ ಮಾಡುವುದು ವಿಭವಾಂತರ, ಹರಿವಿಗೆ ಅಡ್ಡಬರುವುದು ರೋಧ. ಇಲ್ಲಿ ಎಡವುವುದು ಸುಲಭ. ‘ರೋಧಕ’ ಎಂದರೆ ಪ್ರವಾಹವನ್ನು ಹಿಡಿತದಲ್ಲಿಡಲು ಮಂಡಲದಲ್ಲಿ ಜೋಡಿಸುವ ಬಿಡಿಭಾಗ. ‘ನಿರೋಧಕ’ ಎಂದರೆ ಪ್ರವಾಹವನ್ನು ಹರಿಯಗೊಡದ ರಬ್ಬರು, ಪಿಂಗಾಣಿಯಂಥ ವಸ್ತು. ಒಂದೇ ಅಕ್ಷರದ ಅಂತರ, ಅರ್ಥವೋ ಎಲ್ಲಿಂದೆಲ್ಲಿಗೋ. ಅವಸರದಲ್ಲಿ ಓದುವ ಹುಡುಗನಿಗೆ ಇದು ಬಲೆ. ಎರಡನೆಯದಕ್ಕೆ ‘ಅವಾಹಕ’ ಎಂಬ ಇನ್ನೊಂದು ಪದ ಬಳಕೆಯಲ್ಲಿದೆ. ಅದನ್ನೇ ಹಿಡಿದರೆ ವಾಹಕ, ಅವಾಹಕ ಎಂದು ಜೋಡಿಯೂ ಕೂಡುತ್ತದೆ, ರೋಧಕದ ಜೊತೆಗಿನ ಗೊಂದಲವೂ ತಪ್ಪುತ್ತದೆ. ಪದ ಆಯುವಾಗ ಅದೊಂದನ್ನೇ ನೋಡದೆ ಪಕ್ಕದಲ್ಲಿ ಯಾವ ಪದ ಕೂತಿದೆ ಎಂದೂ ನೋಡಬೇಕು ಎನ್ನುವುದು ಇದಕ್ಕೇ.

ಏಕಮಾನಗಳ ವಿಷಯದಲ್ಲಿ ಪರಂಪರೆಯೇ ಎರಡಾಗಿ ಒಡೆದಿದೆ. ಆಂಪಿಯರ್, ವೋಲ್ಟ್, ಓಮ್ ಎಂಬ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವುದಕ್ಕೆ ಯಾರ ತಕರಾರೂ ಇಲ್ಲ. ಪ್ರಶ್ನೆ ಏಳುವುದು ಚಿಕ್ಕದಾಗಿ ಬರೆಯುವಾಗ. ಸೆ.ಮೀ. ಎನ್ನಬೇಕೇ, cm ಎನ್ನಬೇಕೇ? 1961ರಲ್ಲಿ ಹುಟ್ಟಿದ ಕೇಂದ್ರದ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗ ನಡುದಾರಿಯೊಂದನ್ನು ಹೇಳಿದೆ. ಸಂಕೇತಗಳು ಅಂತರರಾಷ್ಟ್ರೀಯ ರೂಪದಲ್ಲಿ, ರೋಮನ್ ಲಿಪಿಯಲ್ಲೇ ಇರಲಿ. ಮಕ್ಕಳ ಮತ್ತು ಜನಪ್ರಿಯ ಪುಸ್ತಕಗಳಲ್ಲಿ ಮಾತ್ರ ದೇಶಭಾಷೆಯ ಸಂಕ್ಷೇಪ ನಡೆಯಲಿ ಎಂಬುದು ಅದರ ನಿಲುವು. ಹತ್ತನೇ ತರಗತಿ ಮಕ್ಕಳ ಪುಸ್ತಕವೋ ಶಾಸ್ತ್ರಗ್ರಂಥವೋ? ನನ್ನ ಲೆಕ್ಕದಲ್ಲಿ ಐದನೇ ತರಗತಿವರೆಗೆ ಸೆ.ಮೀ. ಇರಲಿ, ಸೂತ್ರ ಕಾಲಿಟ್ಟ ತರಗತಿಯಿಂದ cm ಬರಲಿ.

ಇದಕ್ಕೆ ಕಾರಣ ಇಂಗ್ಲಿಷ್ ವ್ಯಾಮೋಹವಲ್ಲ. ಕನ್ನಡ ಸಂಕ್ಷೇಪದಲ್ಲಿ ‘ಸೆ.’ ಎಂದರೆ ಸೆಕೆಂಡೂ ಆಗಬಹುದು, ಸೆಂಟಿಯೂ ಆಗಬಹುದು, ಸೆಲ್ಸಿಯಸ್ಸೂ ಆಗಬಹುದು. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಏಕಮಾನಗಳ ಸಂಕೇತದಲ್ಲಿ ಸಣ್ಣ m ಎಂದರೆ ಮಿಲಿ, ದೊಡ್ಡ M ಎಂದರೆ ಮೆಗಾ. mW ಮತ್ತು MW ನಡುವೆ ನೂರು ಕೋಟಿ ಪಟ್ಟು ಅಂತರ. ಕನ್ನಡದಲ್ಲಿ ಸಣ್ಣಕ್ಷರ ದೊಡ್ಡಕ್ಷರ ಎಂಬ ಭೇದವೇ ಇಲ್ಲದ ಕಾರಣ ಇಲ್ಲಿ ಲಿಪ್ಯಂತರದ ದಾರಿ ಮುಚ್ಚಿದೆ. ಸಂಕೇತ ಎಂಬುದು ಪದವನ್ನು ಮೊಟಕು ಮಾಡಿದ್ದಲ್ಲ, ಕೂಡು ಕಳೆ ಚಿಹ್ನೆಗಳ ಹಾಗೆ ಎಲ್ಲ ಭಾಷೆಗೂ ಒಂದೇ. ಹಾಗಾಗಿ ಅದರ ಕೊನೆಗೆ ಚುಕ್ಕಿಯೂ ಬೇಡ, ಬಹುವಚನವೂ ಬೇಡ. ಅಂಕಿಗೂ ಅದಕ್ಕೂ ನಡುವೆ ಒಂದು ಖಾಲಿ ಜಾಗ ಬೇಕು.

ಶೀರ್ಷಿಕೆಯ ಪ್ರಶ್ನೆ ಹುಟ್ಟುವುದು ಇಲ್ಲಿ. ಇಂಗ್ಲಿಷಿನಲ್ಲಿ ಉದ್ದ ಅಳೆಯುವ ಮೀಟರಿಗೂ ಅಳತೆಯ ಉಪಕರಣವಾದ ಮೀಟರಿಗೂ ಕಾಗುಣಿತದ ವ್ಯತ್ಯಾಸವನ್ನಾದರೂ ಮಾಡಬಹುದು. ಕನ್ನಡದಲ್ಲಿ ಎರಡೂ ‘ಮೀಟರ್’. ತಂತಿ ಯಾವ ಲೋಹದ್ದು ಎಂಬುದರ ಮೇಲೆ ನಿಂತ ರೋಧಶೀಲತೆಯ ಏಕಮಾನ ಓಮ್ ಮೀಟರ್. ರೋಧ ಅಳೆಯುವ ಉಪಕರಣದ ಹೆಸರೂ ಓಮ್ ಮೀಟರ್. ವೋಲ್ಟ್‌ಮೀಟರ್, ಅಮ್ಮೀಟರ್ ಎಂದು ಆಗಲೇ ಕಲಿತ ವಿದ್ಯಾರ್ಥಿ ರೋಧಶೀಲತೆಯ ಕೋಷ್ಟಕದ ತಲೆಯಲ್ಲಿ ‘ಓಮ್ ಮೀಟರ್’ ಕಂಡರೆ ಅದನ್ನು ಉಪಕರಣ ಎಂದುಕೊಳ್ಳುವುದು ಸಹಜ. ಇನ್ನು ಕೆಲವರು ಅದನ್ನು ‘ಮೀಟರಿಗೆ ಇಷ್ಟು ಓಮ್’ ಎಂದು ಓದಿ ಗುಣಾಕಾರವನ್ನು ಭಾಗಾಕಾರ ಮಾಡುತ್ತಾರೆ. ಕೋಷ್ಟಕದಲ್ಲಿ Ω m ಎಂದೇ ಇಟ್ಟು, ಮೊದಲ ಸಲ ಬಂದಾಗ ‘ಓಮ್ ಗುಣಿಸು ಮೀಟರ್’ ಎಂದು ಬಿಡಿಸಿ ಹೇಳಿದರೆ ಎರಡೂ ತಪ್ಪು ನಿಲ್ಲುತ್ತವೆ.

ಗುಣಾಕಾರವೋ ಭಾಗಾಕಾರವೋ ಎಂಬ ಗೊಂದಲ ಮನೆಯ ಬಿಲ್ಲಿಗೂ ಬರುತ್ತದೆ. ಬಿಲ್ಲಿನ ‘ಯೂನಿಟ್’ ಎಂದರೆ ಒಂದು ಕಿಲೋವ್ಯಾಟ್ ಗಂಟೆ. ಇದನ್ನು ‘ಗಂಟೆಗೆ ಒಂದು ಕಿಲೋವ್ಯಾಟ್’ ಎಂದು ಕನ್ನಡಿಸಿದರೆ ಕಿವಿಗೆ ಹಿತವಾಗಿರುತ್ತದೆ, ಆದರೆ ಭೌತಶಾಸ್ತ್ರ ತಲೆಕೆಳಗಾಗುತ್ತದೆ. ಕನ್ನಡದ ‘ಗಂಟೆಗೆ’ ಭಾಗಿಸುವ ಮಾತು. ಗಂಟೆಗೆ ನಲವತ್ತು ಕಿಲೋಮೀಟರ್ ಎಂದ ಹಾಗೆ. ಇಲ್ಲಿ ಆಗಬೇಕಾದ್ದು ಗುಣಾಕಾರ. 2 kW ಗೀಸರನ್ನು ದಿನಕ್ಕೆ ಅರ್ಧ ಗಂಟೆಯಂತೆ 30 ದಿನ ಹಾಕಿದರೆ 2 × 0.5 × 30 = 30 kW h, ಬಿಲ್ಲಿನಲ್ಲಿ 30 ಯೂನಿಟ್. ಕಿಲೋವ್ಯಾಟ್ ಸಾಮರ್ಥ್ಯದ ಅಳತೆ, ಕಿಲೋವ್ಯಾಟ್ ಗಂಟೆ ಶಕ್ತಿಯ ಅಳತೆ. ಶಕ್ತಿ, ಸಾಮರ್ಥ್ಯ ಆಡುಮಾತಿನಲ್ಲಿ ಒಂದೇ ಅರ್ಥ ಕೊಡುವುದರಿಂದ, ಅನುವಾದಕರು ಒಂದು ಪುಟದಲ್ಲಿ ‘ವಿದ್ಯುತ್ ಶಕ್ತಿ’ ಎಂದದ್ದನ್ನು ಮುಂದಿನ ಪುಟದಲ್ಲಿ ಅಂದಕ್ಕಾಗಿ ‘ವಿದ್ಯುತ್ ಸಾಮರ್ಥ್ಯ’ ಎಂದು ಬದಲಿಸಿದರೆ ಲೆಕ್ಕವೇ ಕೆಡುತ್ತದೆ. ಕಥೆ ಬರೆಯುವಾಗ ಪದ ಮರುಕಳಿಸಬಾರದು, ಪಾಠ ಬರೆಯುವಾಗ ಮರುಕಳಿಸಲೇಬೇಕು.

ಸೂತ್ರದ ಸುತ್ತಲಿನ ವಾಕ್ಯಕ್ಕೆ ಕನ್ನಡ ಕೆಲವೊಮ್ಮೆ ಇಂಗ್ಲಿಷಿಗಿಂತ ಚೆನ್ನಾಗಿ ಒದಗುತ್ತದೆ. ಓಮನ ನಿಯಮದಲ್ಲಿ ‘ತಾಪ ಬದಲಾಗದಿದ್ದರೆ’ ಎಂಬ ನಿಬಂಧನೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಕೊನೆಗೆ ಬಾಲದಂತೆ ಬರುತ್ತದೆ, ಮಕ್ಕಳು ಅದನ್ನು ಬಿಟ್ಟುಬಿಡುತ್ತಾರೆ. ಕನ್ನಡದಲ್ಲಿ ‘ತಾಪ ಸ್ಥಿರವಾಗಿದ್ದಾಗ’ ಎಂದು ಮೊದಲೇ ಹೇಳಿ ಮುಂದೆ ಹೋಗುವುದು ಭಾಷೆಯ ಜಾಯಮಾನ. ‘ಅನುಪಾತ’ ಮಾತ್ರ ಕೈಕೊಡುತ್ತದೆ. ‘ವಿಭವಾಂತರಕ್ಕೂ ಪ್ರವಾಹಕ್ಕೂ ಇರುವ ಅನುಪಾತವೇ ರೋಧ’ ಎಂದರೆ ಯಾವುದು ಮೇಲೆ, ಯಾವುದು ಕೆಳಗೆ? ‘ವಿಭವಾಂತರವನ್ನು ಪ್ರವಾಹದಿಂದ ಭಾಗಿಸಿದರೆ ರೋಧ ಸಿಗುತ್ತದೆ’ ಎಂದರೆ ಅನುಮಾನಕ್ಕೆ ಎಡೆಯಿಲ್ಲ.

ವಿಭಕ್ತಿ ಪ್ರತ್ಯಯದ ಕಾಟ ಕನ್ನಡದ್ದೇ. V ಅನ್ನು, V ಯನ್ನು, Vಯನ್ನು ಎಂದು ಒಂದೇ ಪಾಠದಲ್ಲಿ ಮೂರು ರೂಪ ಕಾಣಿಸುತ್ತವೆ. ಅಂಟಿಸಿ ಬರೆದಾಗ ಪ್ರತ್ಯಯವೂ ಸಂಕೇತದ ಭಾಗವೇನೋ ಎನ್ನಿಸುತ್ತದೆ. ಸುಲಭ ಉಪಾಯವೆಂದರೆ ಸಂಕೇತದ ಪಕ್ಕ ಒಂದು ಕನ್ನಡ ನಾಮಪದ ಇಟ್ಟು ಪ್ರತ್ಯಯವನ್ನು ಅದಕ್ಕೆ ಹೊರಿಸುವುದು: 12 Ω ರೋಧಕಕ್ಕೆ, 0.5 A ಪ್ರವಾಹದಿಂದ.

ಇನ್ನು ಚಿತ್ರಗಳು. ಹೆಚ್ಚಿನ ಪುಸ್ತಕಗಳಲ್ಲಿ ಕೊನೆಗೆ ಕೈ ಹಚ್ಚುವುದು ಇವಕ್ಕೆ, ತಪ್ಪು ಉಳಿಯುವುದೂ ಇಲ್ಲೇ. ಈ ಪಾಠದ ಮುಖ್ಯ ಚಟುವಟಿಕೆಯನ್ನೇ ನೋಡಿ. ಸುಮಾರು 0.5 m ಉದ್ದದ ನಿಕ್ರೋಮ್ ತಂತಿ XY, 1.5 V ನ ನಾಲ್ಕು ಕೋಶಗಳು, ಒಂದು ಅಮ್ಮೀಟರ್, ಒಂದು ವೋಲ್ಟ್‌ಮೀಟರ್. ಕೋಶಗಳನ್ನು ಒಂದೊಂದಾಗಿ ಹೆಚ್ಚಿಸುತ್ತ V, I ಬರೆದುಕೊಂಡು V/I ತೆಗೆಯಬೇಕು. 3 V ಇದ್ದಾಗ 0.25 A, 6 V ಇದ್ದಾಗ 0.5 A ಬಂತೆನ್ನಿ. ಎರಡರಲ್ಲೂ ಉತ್ತರ 12 Ω.

ಈ ಮಂಡಲದ ನಕ್ಷೆಯಲ್ಲಿ ವೃತ್ತದೊಳಗಿನ A, V ಅಕ್ಷರಗಳನ್ನು ಅ, ವೋ ಎಂದು ಬದಲಿಸಬಾರದು. ಅವು ಹೆಸರುಗಳಲ್ಲ, ಚಿಹ್ನೆಗಳು. XY ಕೂಡ ಹಾಗೇ ಉಳಿಯಲಿ, ಪಠ್ಯ ಅದನ್ನೇ ಕರೆಯುತ್ತದೆ. ಕನ್ನಡವಾಗಬೇಕಾದ್ದು ನಿಜವಾದ ಉಪಕರಣಗಳನ್ನು ತೋರಿಸುವ ಚಿತ್ರದ ಹೆಸರುಗಳು ಮಾತ್ರ. ಇಂಗ್ಲಿಷ್ ಹೆಸರು ಅಳಿಸುವಾಗ ಅದರ ಹತ್ತಿರದ ಗೆರೆಯೂ ತುಸು ಅಳಿಯುತ್ತದೆ. ಆಗ ವೋಲ್ಟ್‌ಮೀಟರಿನ ತಂತಿ ಮಂಡಲಕ್ಕೆ ಕೂಡುವ ಜಾಗದ ಚುಕ್ಕಿ ಮಾಯವಾದರೆ, ಕೂಡಿದ ತಂತಿ ಸುಮ್ಮನೆ ದಾಟಿಹೋದ ತಂತಿಯಂತೆ ಕಾಣಬಹುದು. ಪುಟಕ್ಕೆ ಹೊಂದಲಿ ಎಂದು ಯಾರೋ ಕೋಶದ ಚಿಹ್ನೆಯನ್ನು ಎಡಬಲ ತಿರುಗಿಸಿದರೆ ಉದ್ದ ಗೆರೆಯ ಧನಾಗ್ರ ಇನ್ನೊಂದು ಬದಿಗೆ ಹೋಗುತ್ತದೆ, ಪ್ರವಾಹದ ಬಾಣ ಮಾತ್ರ ಅಲ್ಲೇ ಉಳಿಯುತ್ತದೆ. ಕಂಡುಹಿಡಿಯಲು ಉದ್ದ ಗೆರೆಯಿಂದ ಬೆರಳಿಟ್ಟು ಹೊರಡಬೇಕು. ಕೋಶದ ಹೊರಗೆ ಬಾಣದ ಜೊತೆಗೇ ಸಾಗಿ ಗಿಡ್ಡ ಗೆರೆಗೆ ಬಂದು ಮುಟ್ಟಿದರೆ ಚಿತ್ರ ಸರಿ.

ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಇಂಗ್ಲಿಷ್ ಹೆಸರಿಗೆಂದು ಬಿಟ್ಟ ಜಾಗ ಅದಕ್ಕೆ ಸಾಲುವುದಿಲ್ಲ. ಅಂಚು ಕತ್ತರಿಸಿದಾಗ ‘ಪ್ರವಾಹ’ ‘ಪವಾಹ’ವಾಗುತ್ತದೆ, ‘ಅಮ್ಮೀಟರ್’ ‘ಅಮೀಟರ್’ ಆಗುತ್ತದೆ. ಹಳೆಯ, ಯೂನಿಕೋಡ್ ಅಲ್ಲದ ಕನ್ನಡ ಫಾಂಟುಗಳಲ್ಲಿ ಇನ್ನೊಂದು ಅಪಾಯ: ಅವು ರೋಮನ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ತುಣುಕುಗಳನ್ನು ಇಟ್ಟುಕೊಂಡಿರುವುದರಿಂದ, ಸೂತ್ರಕ್ಕೂ ಅದೇ ಫಾಂಟ್ ತಾಗಿದರೆ V = IR ಅರ್ಥವಿಲ್ಲದ ಕನ್ನಡ ಚೂರುಗಳಾಗಿ ಅಚ್ಚಾಗುತ್ತದೆ. ಪಠ್ಯವನ್ನು ಯೂನಿಕೋಡಿಗೆ ತರುವುದು ಇದಕ್ಕೆ ಮದ್ದು, ಆದರೆ ಪರಿವರ್ತಿಸಿದ ಮೇಲೆ Ω, ρ ಇರುವ ಸಾಲುಗಳನ್ನು ಮಾತ್ರ ಒಂದೊಂದಾಗಿ ಕಣ್ಣಿಂದಲೇ ನೋಡಬೇಕು.

ಇಷ್ಟಾದ ಮೇಲೆ ತೀರ್ಮಾನಗಳ ಪಟ್ಟಿ ಅನುವಾದಕರ ಮೇಜಿನಲ್ಲೇ ಉಳಿಯಬಾರದು. ಪಾಠದಲ್ಲಿ ‘ರೋಧಶೀಲತೆ’ ಎಂದಿದ್ದು, ಪರೀಕ್ಷೆಯಲ್ಲಿ ಹಳೆಯ ರೂಢಿಯ ‘ವಿಶಿಷ್ಟ ರೋಧ’ ಬಂದರೆ ಉತ್ತರ ಗೊತ್ತಿದ್ದವನೂ ಖಾಲಿ ಬಿಟ್ಟು ಬರುತ್ತಾನೆ. ಅದಕ್ಕೇ ಪಟ್ಟಿಯಲ್ಲಿ ಪ್ರತಿ ಪದದ ಮುಂದೆ ಮೂರು ಅಂಕಣ ಬೇಕು: ಪಾಠ ಬಳಸಿದ ಪದ, ಉತ್ತರದಲ್ಲಿ ಬರೆದರೆ ಒಪ್ಪಬಹುದಾದ ಹಳೆಯ ಪದ, ಕನ್ನಡ ಲಿಪಿಯಲ್ಲಿ ಇಂಗ್ಲಿಷಿನ ಉಚ್ಚಾರ. ಮೊದಲನೆಯದು ಪ್ರಶ್ನೆಪತ್ರಿಕೆ ತೆಗೆಯುವವರಿಗೆ, ಎರಡನೆಯದು ಉತ್ತರಪತ್ರಿಕೆ ತಿದ್ದುವವರಿಗೆ. ‘ರೆಸಿಸ್ಟಿವಿಟಿ’ ಎಂದು ಬರೆದಿರುವ ಮೂರನೆಯದು, ಮುಂದಿನ ಜೂನ್‌ನಲ್ಲಿ ಪಿಯುಸಿ ತರಗತಿಯಲ್ಲಿ ಕೂತು ಇಂಗ್ಲಿಷಿನ ಭೌತಶಾಸ್ತ್ರ ಕೇಳಬೇಕಾದ ಅದೇ ಹುಡುಗ ಹುಡುಗಿಯರಿಗೆ.