ಫ್ರಾಂಕ್ ಬೇಕಿತ್ತು, ಯೂರೋ ಬಂತು

ಶುಕ್ರವಾರ ರಾತ್ರಿ ಹನ್ನೊಂದೂವರೆಗೆ ತಂಗಿಯ ಫೋನ್ ಬಂತು. ಬೇಸಿಗೆಯ ಪ್ಯಾರಿಸ್‌ನಲ್ಲಿ ಆಗ ಎಂಟು ಗಂಟೆ. "ಅಣ್ಣಾ, ಖಾತೆಯಿಂದ ದುಡ್ಡು ಕಟ್ ಆಗಿದೆ, ಫಾರೆಕ್ಸ್ ಕಾರ್ಡಿಗೆ ಮಾತ್ರ ಬಂದಿಲ್ಲ. ಸ್ವಿಟ್ಜರ್ಲೆಂಡಿಗೆ ಹೊರಟಿದ್ದೀವಲ್ಲ, ಅದಕ್ಕೇ ಇನ್ನೊಂದು ಸಲ ಹಾಕಿಬಿಟ್ಟೆ" ಅಂದಳು. ಎರಡನೇ ಸಲ ಹಾಕಿದ್ದೇ ದುಬಾರಿಯಾಯಿತು.

ಈ ಕಾರ್ಡಿಗೆ ಹಣ ತುಂಬುವುದು ಮೊಬೈಲ್ ರೀಚಾರ್ಜ್ ಮಾಡಿದಂತಲ್ಲ. ನಾವು ಕಟ್ಟುವ ರೂಪಾಯಿಗೆ ಬ್ಯಾಂಕು ಅಂದಿನ ದರದಲ್ಲಿ ವಿದೇಶಿ ಹಣ ಮಾರುತ್ತದೆ. ಪ್ಯಾನ್, ಪ್ರಯಾಣದ ಉದ್ದೇಶ ಬರೆದ ಎ2 ಫಾರಂ, ವರ್ಷಕ್ಕೆ ಒಬ್ಬರಿಗೆ 2,50,000 ಡಾಲರ್ ಎಂಬ ರಿಸರ್ವ್ ಬ್ಯಾಂಕಿನ ಮಿತಿ, ಇವೆಲ್ಲ ತಾಳೆಯಾಗಬೇಕು. ಕೆಲವು ಬ್ಯಾಂಕುಗಳಲ್ಲಿ ಇದು ನಿಮಿಷಗಳಲ್ಲಿ ಮುಗಿಯುತ್ತದೆ. ಕೆಲವದರಲ್ಲಿ ಕೆಲಸದ ವೇಳೆ ಮೀರಿ ಕಟ್ಟಿದ ಹಣ ಮುಂದಿನ ಕೆಲಸದ ದಿನದವರೆಗೆ ಕಾಯುತ್ತದೆ. ತಂಗಿಯ ಹಣ ಸೋಮವಾರ ಮಧ್ಯಾಹ್ನದವರೆಗೂ ಹಾಗೇ ಕಾದಿತ್ತು.

ಇಂಥ ಹೊತ್ತಿನಲ್ಲಿ ಮೊದಲು ನೋಡಬೇಕಾದ್ದು ರೆಫರೆನ್ಸ್ ನಂಬರ್. ಹಣ ಕಟ್ ಆಯಿತು ಎಂಬ ಎಸ್ಸೆಮ್ಮೆಸ್ ಖಾತೆಯ ವಿಷಯ ಮಾತ್ರ ಹೇಳುತ್ತದೆ, ಕಾರ್ಡಿನದ್ದಲ್ಲ. ಕಾರ್ಡಿನ ಆ್ಯಪ್‌ನಲ್ಲೋ ನೆಟ್‌ಬ್ಯಾಂಕಿಂಗ್‌ನಲ್ಲೋ ಲೋಡ್ ಕೋರಿಕೆಯ ಸ್ಥಿತಿ ಬೇರೆಯಾಗಿ ಇರುತ್ತದೆ. ಅಲ್ಲಿ Pending ಎಂದಿದ್ದರೆ ಹಣ ಹಾದಿಯಲ್ಲಿದೆ, ಮತ್ತೆ ತುಂಬಬಾರದು. ತಿರಸ್ಕೃತವಾಗಿದ್ದರೆ ರೂಪಾಯಿ ಖಾತೆಗೆ ವಾಪಸ್ ಬರಬೇಕು. ಆ ನಂಬರ್ ಕೊಟ್ಟು ಸಹಾಯವಾಣಿಯಲ್ಲಿ ಕಾರಣ ಕೇಳಿ. ಕಾರ್ಡುದಾರರ ಹೆಸರಿನಲ್ಲಿಲ್ಲದ ಖಾತೆಯಿಂದ ಕಟ್ಟಿದ ಹಣವನ್ನು ಹಲವು ಬ್ಯಾಂಕುಗಳು ಒಪ್ಪುವುದಿಲ್ಲ. ಮಗಳ ಕಾರ್ಡಿಗೆ ಅಪ್ಪ ತನ್ನ ಖಾತೆಯಿಂದ ಹಾಕಲು ಹೊರಟಾಗ ತೊಡಕಾಗುವುದು ಇಲ್ಲೇ.

ನಾವು ಶನಿವಾರವೇ ಸಹಾಯವಾಣಿಗೆ ಫೋನ್ ಮಾಡಿ ಎರಡನೆಯದನ್ನು ರದ್ದು ಮಾಡಿ ಎಂದೆವು. ದರ ನಿಗದಿಯಾಗಿಬಿಟ್ಟಿದೆ, ಆಗದು ಎಂದರು. ಸೋಮವಾರ ಎರಡೂ ಬಂದವು, ಒಟ್ಟು 1,000. ಆದರೆ ಫ್ರಾಂಕ್ ಅಲ್ಲ, ಯೂರೋ. ಲೋಡ್ ಪುಟದಲ್ಲಿ ಮೊದಲೇ EUR ಎಂದು ಆಯ್ಕೆಯಾಗಿತ್ತು. ಅವಸರದಲ್ಲಿ ಅದನ್ನು CHF ಎಂದು ಬದಲಿಸಲು ಇಬ್ಬರಿಗೂ ಹೊಳೆದಿರಲಿಲ್ಲ.

ಒಂದೇ ಕಾರ್ಡಿನಲ್ಲಿ ಒಂದೊಂದು ಕರೆನ್ಸಿಗೂ ಒಂದೊಂದು ವ್ಯಾಲೆಟ್ ಇರುತ್ತದೆ. ಜ್ಯೂರಿಕ್‌ನಲ್ಲಿ ತಂಗಿ 96 ಫ್ರಾಂಕಿನ ರೈಲು ಟಿಕೆಟ್‌ಗೆ ಕಾರ್ಡ್ ಕೊಟ್ಟಳು. ಫ್ರಾಂಕ್ ವ್ಯಾಲೆಟ್‌ನಲ್ಲಿದ್ದದ್ದು ಹನ್ನೆರಡೇ. ಕಾರ್ಡ್ ಆ ಹನ್ನೆರಡನ್ನು ಮುಟ್ಟದೆ ಇಡೀ ಮೊತ್ತವನ್ನು ಯೂರೋದಿಂದ ತೆಗೆಯಿತು. ಹೀಗೆ ತೆಗೆಯದೆ ವಹಿವಾಟನ್ನೇ ನಿರಾಕರಿಸುವ ಕಾರ್ಡುಗಳೂ ಇವೆ. ಲೆಕ್ಕಕ್ಕೆ ಒಂದು ಫ್ರಾಂಕಿಗೆ 1.05 ಯೂರೋ ಎಂದಿಟ್ಟುಕೊಳ್ಳಿ. ಟಿಕೆಟ್ ಬೆಲೆ 100.80 ಯೂರೋ ಆಗಬೇಕು. ಅದರ ಮೇಲೆ ಕರೆನ್ಸಿ ಬದಲಿಸಿದ ಶುಲ್ಕ ಶೇಕಡಾ 3 ಸೇರಿ 103.82 ಯೂರೋ ಹೋಗುತ್ತದೆ. ಈ ಶುಲ್ಕ ರಸೀದಿಯಲ್ಲಿ ಕಾಣುವುದಿಲ್ಲ. ಕಾರ್ಡಿನ ಸ್ಟೇಟ್‌ಮೆಂಟ್‌ನಲ್ಲಿ ಒಂದೇ ವಹಿವಾಟಿನ ಎದುರು ಎರಡು ಕರೆನ್ಸಿ ಕಂಡರೆ ಹಣ ಬೇರೆ ವ್ಯಾಲೆಟ್‌ನಿಂದ ಹೋಗಿದೆ ಎಂದೇ ಅರ್ಥ.

ಅಂಗಡಿಯ ಯಂತ್ರ ಫ್ರಾಂಕೋ ರೂಪಾಯಿಯೋ ಎಂದು ಕೇಳಿದರೆ ಆಯಾ ದೇಶದ ಹಣವನ್ನೇ ಆರಿಸಿ. ರೂಪಾಯಿ ಒತ್ತಿದರೆ ಅಂಗಡಿಯ ಕಡೆಯ ದರದಲ್ಲಿ ಒಮ್ಮೆ, ಕಾರ್ಡಿನ ಕಡೆಯಿಂದ ಮತ್ತೊಮ್ಮೆ ಬದಲಾವಣೆಯ ಪೆಟ್ಟು ಬೀಳಬಹುದು.

ಯೂರೋವನ್ನು ಫ್ರಾಂಕ್ ವ್ಯಾಲೆಟ್‌ಗೆ ಸಾಗಿಸುವ ಸೌಲಭ್ಯ ಬಹುತೇಕ ಕಾರ್ಡುಗಳ ಆ್ಯಪ್‌ನಲ್ಲಿದೆ. ಅದೂ ಪುಕ್ಕಟೆಯಲ್ಲ, ಶುಲ್ಕ ದರದೊಳಗೇ ಅಡಗಿರುತ್ತದೆ. ಒಪ್ಪಿಗೆ ಒತ್ತುವ ಮೊದಲು ಒಂದು ಭಾಗಾಕಾರ ಮಾಡಿ. ಅದೇ ದರದಲ್ಲಿ 500 ಯೂರೋಗೆ 476 ಫ್ರಾಂಕ್ ಬರಬೇಕು. ಆ್ಯಪ್ 466 ತೋರಿಸಿದರೆ ಶೇಕಡಾ 2ರಷ್ಟು ಹೋಯಿತು; ಪ್ರತಿ ಖರೀದಿಯಲ್ಲೂ 3 ತೆರುವುದಕ್ಕಿಂತ ವಾಸಿ. 460 ತೋರಿಸಿದರೆ ಸಾಗಿಸದಿರುವುದೇ ಮೇಲು. ತಂಗಿ ಉಳಿದ ನಾಲ್ಕು ದಿನದ ಖರ್ಚು ಲೆಕ್ಕ ಹಾಕಿ 500 ಯೂರೋ ಮಾತ್ರ ಸಾಗಿಸಿದಳು. ಎಲ್ಲವನ್ನೂ ಸಾಗಿಸಿದ್ದರೆ ಉಳಿದ ಫ್ರಾಂಕ್ ಅದೇ ರೀತಿ ಸಿಕ್ಕಿಬೀಳುತ್ತಿತ್ತು.

ಊರಿಗೆ ಬಂದ ಮೇಲೆ ಮಿಕ್ಕ ಯೂರೋವನ್ನು ಬ್ಯಾಂಕು ತನ್ನ ಕೊಳ್ಳುವ ದರದಲ್ಲಿ ವಾಪಸ್ ಪಡೆಯುತ್ತದೆ. ಆ ದರ ಮಾರುವ ದರಕ್ಕಿಂತ ಯಾವಾಗಲೂ ಕಡಿಮೆ. ಖರ್ಚಾಗದ ಹಣವನ್ನು ಮರಳಿದ 180 ದಿನಗಳೊಳಗೆ ಒಪ್ಪಿಸಬೇಕು ಎಂಬುದು ನಿಯಮ, ಆದರೆ 2,000 ಡಾಲರ್‌ವರೆಗೆ ಮುಂದಿನ ಪ್ರಯಾಣಕ್ಕೆ ಇಟ್ಟುಕೊಳ್ಳಬಹುದು. ತುಂಬಿದ ಹಣ ಕಾರ್ಡಿಗೂ ಬಾರದೆ ಖಾತೆಗೂ ಮರಳದಿದ್ದರೆ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ cms.rbi.org.in ನಲ್ಲಿ ಓಂಬುಡ್ಸ್‌ಮನ್‌ಗೆ ಹೋಗಬಹುದು. ಅಲ್ಲೂ ಮೊದಲು ಬೇಕಾಗುವುದು ಆ ದೂರಿನ ಪ್ರತಿ, ಜೊತೆಗೆ ಶುಕ್ರವಾರ ರಾತ್ರಿಯ ಆ ರೆಫರೆನ್ಸ್ ನಂಬರ್.