ಇಪ್ಪತ್ತು ಲೆಕ್ಕ ಬ್ಯಾಡ್ರಿ ಸರ್, ನಾಲ್ಕು ಸಾಕು: ಹೆಡ್ ಮಾಸ್ತರ್‌ಗೆ ಒಂದು ಮನವಿ

(ಪಾಡ್‌ಕಾಸ್ಟ್ ಕಂತಿನ ಪಠ್ಯರೂಪ)

ನಾನು ಧುಪದಾಳದ ಕಡೆಯ ಒಂದು ಶಾಲೆಯಲ್ಲಿ ಐದನೇ ಇಯತ್ತೆಗೆ ಗಣಿತ ಹೇಳ್ತೀನಿ. ಹೋಂವರ್ಕ್ ಬಗ್ಗೆ ನಮ್ಮ ಹೆಡ್ ಮಾಸ್ತರ್‌ಗೆ ಒಂದು ಮನವಿ ಬರೆದಿದ್ದೆ. ಅದರಲ್ಲಿ ಏನಿತ್ತು, ಯಾಕೆ ಬರೆದೆ ಅನ್ನೋದನ್ನ ಇವತ್ತು ನಿಮ್ಮ ಮುಂದೆ ಇಡ್ತೀನಿ. ಕೇಳ್ತಿರೋ ನೀವೂ ಸಾಲಿ ಬಿಟ್ಟು ಬಹಳ ವರ್ಷ ಆಗಿರ್ಲಿಕ್ಕಿಲ್ಲ. ಒಂದೇ ಉತ್ತರವನ್ನ ಐದೈದು ಸಲ ಬರೆದ ಬೆರಳಿನ ನೋವು ನೆನಪಿರಬೇಕು.

ಮನವಿ ಶುರುವಾಗೋದೇ ಒಂದು ಲೆಕ್ಕದಿಂದ. 503ರಲ್ಲಿ 278 ಕಳೆದರೆ ಎಷ್ಟು? ಉತ್ತರ 225. ನಮ್ಮ ತರಗತಿಯಲ್ಲಿ ಒಬ್ಬ ಹುಡುಗ 375 ಬರೆದಿದ್ದ, ಒಬ್ಬಳು ಹುಡುಗಿ 235 ಬರೆದಿದ್ದಳು. ನಾನು ಎರಡಕ್ಕೂ ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿ, 'ಇನ್ನೂ ಇಪ್ಪತ್ತು ಲೆಕ್ಕ ಮಾಡ್ಕೊಂಡು ಬರ್ರಿ' ಅಂದೆ. ಮರುದಿನ ಇಬ್ಬರೂ ಇಪ್ಪತ್ತೂ ಮಾಡ್ಕೊಂಡು ಬಂದರು. ಬಹುತೇಕ ಎಲ್ಲಾ ತಪ್ಪು. ಸಿಟ್ಟು ಬಂತು. ಆಮೇಲೆ ಕೂತು ಎರಡೂ ವಹಿಗಳನ್ನ ಪಕ್ಕಪಕ್ಕ ಇಟ್ಟು ನೋಡಿದಾಗ ಗೊತ್ತಾಯ್ತು, ತಪ್ಪು ಮಾಡಿದವನು ನಾನು.

ಹುಡುಗ ಏನು ಮಾಡ್ತಿದ್ದ ನೋಡ್ರಿ. ಬಿಡಿ ಸ್ಥಾನದಲ್ಲಿ 3ರಲ್ಲಿ 8 ಹೋಗಲ್ಲ. ಅದಕ್ಕೆ ಅವನು ತಿರುಗಿಸಿ 8ರಲ್ಲಿ 3 ಕಳೆದು 5 ಬರೆದ. ಹತ್ತರ ಸ್ಥಾನದಲ್ಲಿ 0ಯಲ್ಲಿ 7 ಹೋಗಲ್ಲ, 7 ಅಂತಲೇ ಬರೆದ. ನೂರರಲ್ಲಿ 5ರಿಂದ 2 ಹೋಗಿ 3. ಒಟ್ಟು 375. ಅವನ ತಲೆಯಲ್ಲಿ ಇರೋ ನಿಯಮ ಒಂದೇ: ಯಾವಾಗಲೂ ದೊಡ್ಡ ಅಂಕಿಯಿಂದ ಸಣ್ಣ ಅಂಕಿ ಕಳೀಬೇಕು. 

ಹುಡುಗಿಯ ಕತೆ ಬೇರೆ. ಅವಳಿಗೆ ಕಡ ತರೋದು ಗೊತ್ತು. ಹತ್ತರ ಸ್ಥಾನದಲ್ಲಿ ಸೊನ್ನೆ ಇದೆ ಅಂತ ನೂರರ ಮನೆಗೆ ಹೋಗಿ, 5ನ್ನ 4 ಮಾಡಿ ಬಂದಳು. ಆಗ ಹತ್ತರ ಮನೆಯಲ್ಲಿ 10 ಆಯ್ತು. ಅದರಿಂದ ಒಂದನ್ನ ಬಿಡಿ ಮನೆಗೆ ಕೊಟ್ಟ ಮೇಲೆ 9 ಉಳೀಬೇಕಲ್ಲ, ಅದನ್ನ ಮರೆತಳು. 13ರಲ್ಲಿ 8 ಹೋಗಿ 5, 10ರಲ್ಲಿ 7 ಹೋಗಿ 3, 4ರಲ್ಲಿ 2 ಹೋಗಿ 2. ಹೀಗಾಗಿ 235.

ಇಬ್ಬರದೂ ಅಜಾಗರೂಕತೆ ಅಲ್ಲ. ಇಬ್ಬರೂ ತಮ್ಮ ತಮ್ಮ ತಪ್ಪು ನಿಯಮವನ್ನ ಬಹಳ ಶಿಸ್ತಿನಿಂದ ಪಾಲಿಸ್ತಿದ್ದಾರೆ. 1978ರಲ್ಲಿ ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಮಕ್ಕಳ ಇಂಥ ತಪ್ಪುಗಳನ್ನೇ ಅಧ್ಯಯನ ಮಾಡಿ, ಕಂಪ್ಯೂಟರ್ ಪ್ರೋಗ್ರಾಮಿನ 'ಬಗ್' ಇದ್ದ ಹಾಗೆ ಇವು ಅಂತ ತೋರಿಸಿದ್ದರು. ಹಾಗಾದರೆ ನಾನು ಕೊಟ್ಟ ಇಪ್ಪತ್ತು ಲೆಕ್ಕ ಏನು ಮಾಡಿತು? ತಪ್ಪು ನಿಯಮವನ್ನ ಇಪ್ಪತ್ತು ಸಲ ರೂಢಿ ಮಾಡಿಸಿತು. ಅದರ ಮೇಲೆ ಕಡ ತರೋ ಅಗತ್ಯವೇ ಇಲ್ಲದ ಲೆಕ್ಕ ಬಂದರೆ ಹುಡುಗನ ಉತ್ತರ ಸರಿಯಾಗೇ ಬರ್ತದ. ನಾನು 'ಶಭಾಷ್' ಅಂತೀನಿ, ಅವನ ನಿಯಮ ಇನ್ನೂ ಗಟ್ಟಿ ಆಗ್ತದ.

ಅದಕ್ಕೆ ಸರ್‌ಗೆ ನಾನು ಕೇಳಿದ್ದು ಇಷ್ಟೇ. ಇಪ್ಪತ್ತು ಲೆಕ್ಕದ ಬದಲು ನಾಲ್ಕು ಲೆಕ್ಕ, ಆದ್ರೆ ಒಂದೊಂದಕ್ಕೂ ಒಂದು ಕೆಲಸ ಇರಬೇಕು.

ಮೊದಲನೇದು 74ರಲ್ಲಿ 38. ಇದರಲ್ಲಿ ಸೊನ್ನೆ ಇಲ್ಲ, ಕಡ ತರೋದು ಮಾತ್ರ ಇದೆ. 36 ಬಂದರೆ ಸರಿ, 44 ಬಂದರೆ ಆ ಹುಡುಗನ ನಿಯಮ ಅಂತ ತಕ್ಷಣ ಗೊತ್ತಾಗ್ತದ. ಎರಡನೇದು 604ರಲ್ಲಿ 258. ಸರಿ ಉತ್ತರ 346. 454 ಬಂದರೆ ಹುಡುಗನ ತಪ್ಪು, 356 ಬಂದರೆ ಹುಡುಗಿಯ ತಪ್ಪು. ಅಂದ್ರೆ ಉತ್ತರವೇ ನನಗೆ ರೋಗದ ಹೆಸರು ಹೇಳ್ತದ.

ಮೂರನೇದರಲ್ಲಿ ಲೆಕ್ಕ ಮಾಡೋದಿಲ್ಲ, ತಪ್ಪು ಹುಡುಕೋದು. '503ರಲ್ಲಿ 278 ಕಳೆದು ಒಬ್ಬ 375 ಬರೆದಾನ. ಎಲ್ಲಿ ತಪ್ಪಿದ, ಒಂದು ಸಾಲು ಬರೀರಿ.' ಮಗು 375ಕ್ಕೆ 278 ಕೂಡಿಸಿ ನೋಡಿದರೆ 653 ಬರ್ತದ. ಇದ್ದದ್ದೇ 503, ಅದಕ್ಕಿಂತ ಹೆಚ್ಚು ಹೆಂಗ ಬಂತು? ಈ ಪ್ರಶ್ನೆ ಒಮ್ಮೆ ಹೊಳೆದರೆ ಮುಂದೆ ತನ್ನ ಉತ್ತರವನ್ನೂ ಹಂಗೇ ತಾಳೆ ನೋಡ್ತದ.

ನಾಲ್ಕನೇದು ನಮ್ಮ ಊರಿನದು. ಕಬ್ಬಿನ ಸೀಜನ್‌ನಲ್ಲಿ ಫ್ಯಾಕ್ಟರಿಯ ತೂಕದ ಚೀಟಿ ಇಲ್ಲಿ ಎಷ್ಟೋ ಮನೆಗೆ ಬರ್ತದ. ಕಬ್ಬು ತುಂಬಿದ ಟ್ರ್ಯಾಕ್ಟರ್ ತೂಕ 15,040 ಕೆ.ಜಿ., ಖಾಲಿ ತೂಕ 5,780 ಕೆ.ಜಿ. ಅಂತ ಇಟ್ಕೊಳ್ರಿ. ಕಬ್ಬು ಎಷ್ಟು? 9,260 ಕೆ.ಜಿ. ಆ ಹುಡುಗನ ನಿಯಮದಲ್ಲಿ ಮಾಡಿದರೆ 10,740 ಬರ್ತದ, ಅಂದ್ರೆ ಸುಮಾರು ಒಂದೂವರೆ ಟನ್ ಹೆಚ್ಚು. ನಾಳೆ ಅವನೇ ಅಪ್ಪನ ಚೀಟಿ ತಾಳೆ ನೋಡಬೇಕಾದವನು. ತೂಕ ಸರಿ ಇದ್ದಾಗ ಮೋಸ ಅಂತ ಜಗಳ ತೆಗೀಬಾರದು, ನಿಜವಾಗಿ ಕಡಿಮೆ ಬಂದಾಗ ಸುಮ್ಮನಿರಲೂಬಾರದು.

ಈ ನಾಲ್ಕಕ್ಕೆ ಹೆಚ್ಚೆಂದರೆ ಹದಿನೈದು ನಿಮಿಷ. ವಾರಕ್ಕೆ ನಾಲ್ಕು ದಿನ ಕೊಟ್ಟರೆ ಒಂದು ತಾಸು. ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿಯಲ್ಲಿ ಎರಡನೇ ತರಗತಿವರೆಗೆ ಹೋಂವರ್ಕ್ ಬೇಡ, ಮೂರರಿಂದ ಐದಕ್ಕೆ ವಾರಕ್ಕೆ ಹೆಚ್ಚೆಂದರೆ ಎರಡು ತಾಸು ಅಂತ ಇದೆ. ಉಳಿದ ಒಂದು ತಾಸನ್ನ ಬೇರೆ ವಿಷಯಗಳು ಹಂಚ್ಕೊಬಹುದು.

ಇನ್ನೊಂದು ಮಾತು. ಇವತ್ತು ಕಳೆಯೋದು ಹೇಳಿ, ಇವತ್ತೇ ಬರೀ ಕಳೆಯೋ ಲೆಕ್ಕ ಕೊಟ್ಟರೆ ಮಗು ಪ್ರಶ್ನೆ ಓದೋದೇ ಇಲ್ಲ. ಮೇಲಿನದರಲ್ಲಿ ಕೆಳಗಿನದು ಕಳೀತದ ಅಷ್ಟೆ. ಎರಡು ದಿನ ಬಿಟ್ಟು, ಕೂಡಿಸೋದು, ಗುಣಿಸೋದರ ನಡುವೆ ಒಂದು ಕಳೆಯೋ ಲೆಕ್ಕ ಇಟ್ಟರೆ ಯಾವುದು ಮಾಡಬೇಕು ಅಂತ ಅದೇ ಯೋಚಿಸಬೇಕಾಗ್ತದ.

ಸರ್ ಓದಿ ಎರಡು ಪ್ರಶ್ನೆ ಕೇಳಿದರು. 'ಮಗ್ಗಿ ಬಾಯಿಪಾಠ ಬ್ಯಾಡ ಅಂತೀರೇನು?' ಇಲ್ರಿ, ಬೇಕೇ ಬೇಕು. ಏಳೆಂಟಲಿ ಐವತ್ತಾರು ಅಂತ ಥಟ್ಟನೆ ಬರದಿದ್ದರೆ ಭಾಗಾಕಾರದಲ್ಲಿ ಮಗು ನಡುದಾರಿಯಲ್ಲೇ ನಿಲ್ತದ. ಆದರೆ ಮಗ್ಗಿ ನೋಡಿ ಹತ್ತು ಸಲ ಬರೆದರೆ ಕೈ ಕಲೀತದ, ಬಾಯಿ ಕಲಿಯಲ್ಲ. ಪುಸ್ತಕ ಮುಚ್ಚಿ, ಅಕ್ಕನೋ ಅವ್ವನೋ ಅಡ್ಡಾದಿಡ್ಡಿ ಕೇಳಬೇಕು.

ಎರಡನೇದು, 'ವಹಿ ಖಾಲಿ ಕಂಡರೆ ಪಾಲಕರು ಬಂದು ಕೇಳ್ತಾರಲ್ಲ?' ಇದು ನಿಜವಾದ ತೊಂದರೆ. ತುಂಬಿದ ವಹಿ ಅಂದ್ರೆ ಕಲಿತ ಮಗು ಅಂತ ನಾವೇ ಅವರಿಗೆ ರೂಢಿ ಮಾಡಿಸೀವಿ. ಪಾಲಕರ ಸಭೆಯಲ್ಲಿ ಆ 375 ಮತ್ತು 235ನ್ನ ಬೋರ್ಡಿನ ಮೇಲೆ ಬರೆದು ತೋರಿಸೋಣ ಅಂದೆ.

ನನ್ನ ವಿಧಾನಕ್ಕೂ ಮಿತಿ ಇದೆ, ಮುಚ್ಚಿಡಲ್ಲ. ನಾಲ್ಕು ಲೆಕ್ಕ ಕೊಟ್ಟು ನಾನು ನೋಡದೇ ಬಿಟ್ಟರೆ ಅದು ಇಪ್ಪತ್ತಕ್ಕಿಂತ ಕಡೆ. ಕಬ್ಬು ಕಡಿಯೋ ಹೊತ್ತಿನಲ್ಲಿ ಕೆಲವು ಮಕ್ಕಳು ಮನೆಯಲ್ಲಿ ಕೂತು ಬರೆಯೋ ಹಂಗೇ ಇರಲ್ಲ. ಅವರಿಗೆ ಬೆಳಿಗ್ಗೆ ಮೊದಲ ಹದಿನೈದು ನಿಮಿಷ ತರಗತಿಯಲ್ಲೇ ಕೊಡಬೇಕು. ಪಕ್ಕದವನ ವಹಿ ನೋಡಿ ಬರೆಯೋದು ಆಗಲೂ ಇರ್ತದ. ಅದಕ್ಕೆ ಸೋಮವಾರ ಹೇಳದೇ ಮೂರು ಲೆಕ್ಕ ಕೊಡ್ತೀನಿ. ಆಗ ಅಂಕ ಎಣಿಸಲ್ಲ, ಯಾವ ತಪ್ಪು ಎಷ್ಟು ಮಕ್ಕಳಲ್ಲಿ ಉಳಿದಿದೆ ಅಂತ ಎಣಿಸ್ತೀನಿ.

ಆರು ವಾರ, ಐದನೇ ಇಯತ್ತೆ ಒಂದೇ, ಗಣಿತ ಒಂದೇ. ಸರ್ ಒಪ್ಪಿದರು, ಒಂದು ಷರತ್ತು ಹಾಕಿ: ಆರು ವಾರದಲ್ಲಿ ಎರಡೂ ತಪ್ಪು ಕಡಿಮೆ ಆಗದಿದ್ದರೆ ಹಳೆ ಪದ್ಧತಿಗೆ ವಾಪಸ್. ನ್ಯಾಯವಾದ ಷರತ್ತು. ಮೊನ್ನೆ ಮೊದಲನೇ ಸೋಮವಾರ ಆ ಹುಡುಗ 604ರ ಲೆಕ್ಕಕ್ಕೆ 356 ಬರೆದ. ಉತ್ತರ ಇನ್ನೂ ತಪ್ಪೇ. ಆದ್ರೆ ಅದು ಅವನ ಹಳೆ ತಪ್ಪಲ್ಲ, ಹುಡುಗಿಯ ತಪ್ಪು. ಅಂದ್ರೆ ಕಡ ತರೋದು ಅವನಿಗೆ ಬಂದಿದೆ, ಸೊನ್ನೆ ಒಂದು ಉಳಿದಿದೆ. ಈ ವಾರದ ನಾಲ್ಕು ಲೆಕ್ಕದಲ್ಲಿ ಏನಿರಬೇಕು ಅಂತ ಅವನೇ ನನಗೆ ಹೇಳಿದ ಹಂಗಾಯ್ತು.